ಎಕ್ಸೆಲ್ ಪಟ್ಟಿಯಲ್ಲಿ ಮೊದಲ ಸೊನ್ನೆಯನ್ನು ಉಳಿಸಿಕೊಳ್ಳುವ ಬಗೆ

ಕಾಸರಗೋಡು ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳ ಪಟ್ಟಿ ಒಂದೇ ಗಣಕದಲ್ಲಿ ಉಳಿಯುವುದಿಲ್ಲ. ಶಾಲೆಯ ಗಣಕದಲ್ಲಿ ಕೈಟ್ ಸಂಸ್ಥೆ ಒದಗಿಸಿದ ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಇರುತ್ತವೆ. ಶಿಕ್ಷಕರ ಮನೆಯಲ್ಲಿಯೋ ಪಟ್ಟಿಯನ್ನು ಕೇಳಿದ ಕಚೇರಿಯಲ್ಲಿಯೋ ಎಕ್ಸೆಲ್ ಇರುತ್ತದೆ. ಇವೆರಡರ ನಡುವೆ ಪಟ್ಟಿ ಸಾಗುವುದು ಹೆಚ್ಚಾಗಿ ಸಿಎಸ್‌ವಿ ಕಡತದ ರೂಪದಲ್ಲಿ. ಸೊನ್ನೆ ಕಳೆದುಹೋಗುವುದು ಈ ದಾರಿಯಲ್ಲಿಯೇ.

ಕುಂಬಳೆ ಕಡೆಯ ಒಂದು ಶಾಲೆಯ ಪಟ್ಟಿಯಲ್ಲಿ ಹೀಗೆ ಎರಡು ಸಾಲುಗಳಿವೆ ಎಂದು ಭಾವಿಸಬಹುದು. ಹೆಸರುಗಳೂ ದೂರವಾಣಿ ಸಂಖ್ಯೆಗಳೂ ಇಲ್ಲಿ ಕಲ್ಪಿತ.

```
ದಾಖಲಾತಿ ಸಂಖ್ಯೆ,ಹೆಸರು,ದೂರವಾಣಿ,ಪಿನ್
0457,ಸುಮತಿ,04994000000,671321
0458,ಅಬ್ದುಲ್ಲ,08240000000,671323
```

ಈ ಕಡತವನ್ನು ಎರಡು ಬಾರಿ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ 0457 ಎಂಬುದು 457 ಆಗುತ್ತದೆ; ದೂರವಾಣಿ ಸಂಖ್ಯೆ 4994000000 ಎಂದು ಕಾಣುತ್ತದೆ. ಸಿಎಸ್‌ವಿ ಕಡತದಲ್ಲಿ ಅಕ್ಷರ ಮತ್ತು ಅಲ್ಪವಿರಾಮಗಳ ಹೊರತು ಬೇರೇನೂ ಇರುವುದಿಲ್ಲ. ಯಾವ ಕಂಬಸಾಲು ಎಣಿಕೆಯ ಸಂಖ್ಯೆ, ಯಾವುದು ಗುರುತಿನ ಸಂಖ್ಯೆ ಎಂಬ ಸೂಚನೆ ಅದರಲ್ಲಿಲ್ಲ. ಆದುದರಿಂದ ಅಂಕಿಗಳಷ್ಟೇ ಇರುವ ಪ್ರತಿಯೊಂದು ಕೋಶವನ್ನೂ ಎಕ್ಸೆಲ್ ಎಣಿಕೆಯ ಸಂಖ್ಯೆಯೆಂದೇ ತಿಳಿಯುತ್ತದೆ. ಎಣಿಕೆಯಲ್ಲಿ ಎಡಬದಿಯ ಸೊನ್ನೆಗೆ ಬೆಲೆಯಿಲ್ಲ, ಅದನ್ನು ಬಿಟ್ಟುಬಿಡುತ್ತದೆ. ಅಂಕಿಗಳನ್ನು "0457" ಎಂದು ಉದ್ಧರಣ ಚಿಹ್ನೆಗಳೊಳಗೆ ಇಟ್ಟರೂ ಎಕ್ಸೆಲ್ ತನ್ನ ಪಟ್ಟು ಬಿಡುವುದಿಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ.

ಪಿನ್ ಸಂಖ್ಯೆಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಈ ಭಯವಿಲ್ಲ. ಭಾರತದ ಯಾವ ಪಿನ್ ಸಂಖ್ಯೆಯೂ ಸೊನ್ನೆಯಿಂದ ಆರಂಭವಾಗುವುದಿಲ್ಲ. ಕಾಸರಗೋಡಿನವು 671ರಿಂದ ಮೊದಲಾಗುತ್ತವೆ. ಹಳೆವಿದ್ಯಾರ್ಥಿಗಳ ವಿಳಾಸಪಟ್ಟಿಯಲ್ಲಿ ಮಾತ್ರ ಎಚ್ಚರ ಬೇಕು. ಅಮೆರಿಕದ ನ್ಯೂ ಜೆರ್ಸಿಯ ಎಡಿಸನ್ ಊರಿನ ಅಂಚೆ ಸಂಖ್ಯೆ 08820 ಎಂಬುದು 8820 ಆಗಿಬಿಡುತ್ತದೆ. ಶಾಲೆಗಳ ಯುಡೈಸ್ ಸಂಖ್ಯೆಯದೂ ಇಂತಹುದೇ ಕಥೆ. ಕೇರಳದ ಶಾಲೆಗಳದು 32ರಿಂದ, ಕರ್ನಾಟಕದ ಶಾಲೆಗಳದು 29ರಿಂದ ಆರಂಭವಾಗುವುದರಿಂದ ತೊಂದರೆಯಿಲ್ಲ. ಆದರೆ ಉತ್ತರ ಪ್ರದೇಶದಿಂದ ಬಂದು ಸೇರಿದ ಕಾರ್ಮಿಕರ ಮಗುವಿನ ಹಿಂದಿನ ಶಾಲೆಯ ಸಂಖ್ಯೆ 09ರಿಂದ ಆರಂಭವಾಗುತ್ತದೆ. ಸೊನ್ನೆ ಹೋದರೆ ಹನ್ನೊಂದು ಅಂಕಿಗಳಲ್ಲಿ ಹತ್ತೇ ಉಳಿದು ಆ ಶಾಲೆ ಹುಡುಕಿದರೂ ಸಿಗುವುದಿಲ್ಲ.

ಎಕ್ಸೆಲ್‌ನಲ್ಲಿ ಸೊನ್ನೆ ಕಾಣದಿದ್ದ ಮಾತ್ರಕ್ಕೆ ಅದು ನಷ್ಟವಾಯಿತೆಂದು ಅರ್ಥವಲ್ಲ. ಕಡತದಲ್ಲಿ ಅದು ಇನ್ನೂ ಇರಬಹುದು. ಆದ್ದರಿಂದ ಮೊದಲು ಮಾಡಬೇಕಾದದ್ದು, ಏನನ್ನೂ ಸೇವ್ ಮಾಡದೆ ಎಕ್ಸೆಲ್ಲನ್ನು ಮುಚ್ಚಿ, ಅದೇ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡುವುದು. ಅಲ್ಲಿ 0457 ಎಂದೇ ಇದ್ದರೆ ಕಡತ ಸುರಕ್ಷಿತ. ತೆರೆಯುವ ವಿಧಾನವನ್ನಷ್ಟೇ ಬದಲಿಸಿದರೆ ಸಾಕು. 457 ಎಂದಿದ್ದರೆ ಯಾರೋ ಎಕ್ಸೆಲ್‌ನಲ್ಲಿ ತೆರೆದು ಅದೇ ಹೆಸರಿನಲ್ಲಿ ಸೇವ್ ಮಾಡಿದ್ದಾರೆ ಎಂದು ತಿಳಿಯಬೇಕು. ಆಗ ಮೂಲ ಪ್ರತಿಯನ್ನು ಮತ್ತೆ ತರಿಸಿಕೊಳ್ಳುವುದೇ ಲೇಸು.

ತೆರೆಯುವ ಸರಿಯಾದ ಕ್ರಮ ಹೀಗಿದೆ. ಎಕ್ಸೆಲ್‌ನಲ್ಲಿ ಖಾಲಿ ಹಾಳೆಯೊಂದನ್ನು ತೆರೆದು `Data` ಪಟ್ಟಿಯಲ್ಲಿ `From Text/CSV` ಎಂಬುದನ್ನು ಒತ್ತಿ ಕಡತವನ್ನು ಆರಿಸಬೇಕು. ಮುನ್ನೋಟದ ಕಿಟಕಿ ತೆರೆದುಕೊಂಡಾಗ `File Origin` ಎಂಬಲ್ಲಿ `65001: Unicode (UTF-8)` ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಕನ್ನಡದ ಹೆಸರುಗಳು ಓದಲಾಗದ ಚಿಹ್ನೆಗಳಾಗುತ್ತವೆ. ಬಳಿಕ `Data Type Detection` ಎಂಬಲ್ಲಿ `Do not detect data types` ಎಂದು ಆರಿಸಿದರೆ ಮುನ್ನೋಟದಲ್ಲಿಯೇ ಸೊನ್ನೆಗಳು ಮರಳಿ ಬರುತ್ತವೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ `Load` ಒತ್ತಬೇಕು. ಹೀಗೆ ಬಂದ ಹಾಳೆಯಲ್ಲಿ ಎಲ್ಲ ಕಂಬಸಾಲುಗಳೂ ಪಠ್ಯವಾಗಿರುವುದರಿಂದ ಅಂಕಗಳ ಕಂಬಸಾಲನ್ನು ಕೂಡಿಸಬೇಕಿದ್ದರೆ ಅದೊಂದನ್ನು ಮಾತ್ರ ಆಮೇಲೆ ಸಂಖ್ಯೆಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಶಾಲೆಯ ಗಣಕದಲ್ಲಿ ಕೆಲಸ ಇನ್ನೂ ಸುಲಭ. ಲಿಬ್ರೆ ಆಫೀಸ್ ಕ್ಯಾಲ್ಕ್ ಸಿಎಸ್‌ವಿ ಕಡತವನ್ನು ತೆರೆಯುವ ಮುನ್ನ `Text Import` ಎಂಬ ಕಿಟಕಿಯನ್ನು ತಾನಾಗಿಯೇ ತೋರಿಸುತ್ತದೆ. ಆತುರದಲ್ಲಿ ಹೆಚ್ಚಿನವರು `OK` ಒತ್ತಿ ಮುಂದುವರಿಯುವುದರಿಂದಲೇ ಅಲ್ಲಿಯೂ ಸೊನ್ನೆ ಹೋಗುತ್ತದೆ. ಕೆಳಗಿನ ಮುನ್ನೋಟದಲ್ಲಿ ದಾಖಲಾತಿ ಸಂಖ್ಯೆಯ ಕಂಬಸಾಲಿನ ತಲೆಯನ್ನು ಒತ್ತಿ `Column type` ಎಂಬಲ್ಲಿ `Text` ಎಂದು ಆರಿಸಬೇಕು, ದೂರವಾಣಿಗೂ ಹಾಗೆಯೇ. ನಂತರ ಆ ಪಟ್ಟಿಯನ್ನು `.xlsx` ರೂಪದಲ್ಲಿ ಸೇವ್ ಮಾಡಿ ಕಳುಹಿಸಿದರೆ ಕಂಬಸಾಲು ಪಠ್ಯವೆಂಬ ಸೂಚನೆಯೂ ಕಡತದೊಡನೆ ಹೋಗುತ್ತದೆ. ಪಡೆದವರು ಎರಡು ಬಾರಿ ಒತ್ತಿ ತೆರೆದರೂ ಸೊನ್ನೆ ಅಲುಗದು. ಕೇಳಿದವರು ಸಿಎಸ್‌ವಿಯೇ ಬೇಕೆಂದು ಹಟ ಹಿಡಿಯದಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಸೊನ್ನೆ ಉಳಿದ ಕೋಶಗಳ ಮೂಲೆಯಲ್ಲಿ ಎಕ್ಸೆಲ್ ಒಂದು ಹಸಿರು ತ್ರಿಕೋನವನ್ನು ತೋರಿಸಿ, ಇದು ತಪ್ಪಿರಬಹುದೆಂದು ಎಚ್ಚರಿಸುತ್ತದೆ. ಅಲ್ಲಿ ಕಾಣುವ `Convert to Number` ಎಂಬುದನ್ನು ಒತ್ತಬಾರದು. ಒತ್ತಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪಠ್ಯವಾಗಿರುವ ಅಂಕಿಗಳು ಕೋಶದ ಎಡಕ್ಕೂ ಎಣಿಕೆಯ ಸಂಖ್ಯೆಗಳು ಬಲಕ್ಕೂ ಅಂಟಿಕೊಳ್ಳುವುದರಿಂದ ಒಂದೇ ನೋಟದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಮೂಲ ಪ್ರತಿ ಸಿಗದೆ ಹೋದರೆ ಸೊನ್ನೆಯನ್ನು ಮರಳಿ ಸೇರಿಸಲು ಸಾಧ್ಯವೇ? ಸಂಖ್ಯೆಯ ಉದ್ದ ಮೊದಲೇ ಗೊತ್ತಿದ್ದರೆ ಸಾಧ್ಯ. ಶಾಲೆಯ ದಾಖಲಾತಿ ಸಂಖ್ಯೆಗಳೆಲ್ಲ ನಾಲ್ಕು ಅಂಕಿಗಳವೇ ಆಗಿದ್ದಲ್ಲಿ ಪಕ್ಕದ ಖಾಲಿ ಕಂಬಸಾಲಿನಲ್ಲಿ ಈ ಸೂತ್ರವನ್ನು ಬರೆಯಬಹುದು.

```
=TEXT(A2,"0000")
```

ದೂರವಾಣಿಯ ವಿಷಯ ಅಷ್ಟು ಸರಳವಲ್ಲ. ಕಾಸರಗೋಡಿನ 04994 ಸಂಕೇತದ ಮುಂದೆ ಆರು ಅಂಕಿಗಳಿರುತ್ತವೆ. ಕಾಞಂಗಾಡಿನ 0467ರ ಮುಂದೆ ಏಳು. ಎರಡರಲ್ಲಿಯೂ ಸೊನ್ನೆ ಹೋದ ಮೇಲೆ ಹತ್ತು ಅಂಕಿಗಳು ಉಳಿಯುತ್ತವೆ, ಅಂದರೆ ಮೊಬೈಲ್ ಸಂಖ್ಯೆಯಷ್ಟೇ ಉದ್ದ. ಆದರೆ ಭಾರತದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದಲೇ ಆರಂಭವಾಗುವುದರಿಂದ 4ರಿಂದ ಆರಂಭವಾದ ಹತ್ತಂಕಿಯ ಸಂಖ್ಯೆ ಸ್ಥಿರ ದೂರವಾಣಿಯದೇ ಎಂದು ನಿರ್ಧರಿಸಬಹುದು. ಅಂಥವುಗಳಿಗೆ ಮಾತ್ರ ಸೊನ್ನೆ ಸೇರಿಸುವ ಸೂತ್ರ ಇದು. ದೂರವಾಣಿ ಇಲ್ಲಿ ಮೂರನೆಯ ಕಂಬಸಾಲಿನಲ್ಲಿದೆ.

```
=IF(LEFT(C2,1)="4","0"&C2,C2&"")
```

ಅಬ್ದುಲ್ಲನ ಸಾಲಿನಲ್ಲಿ ಈ ಸೂತ್ರ ಸೋಲುತ್ತದೆ. ಅವನ ಮನೆಯವರು ಕೊಟ್ಟದ್ದು ಮಂಗಳೂರಿನ ಸಂಖ್ಯೆ. 0824ರ ಸೊನ್ನೆ ಹೋದರೆ ಉಳಿಯುವುದು 824ರಿಂದ ಆರಂಭವಾಗುವ ಹತ್ತು ಅಂಕಿಗಳು. ಅದು ಮೊಬೈಲ್ ಸಂಖ್ಯೆಯಂತೆಯೇ ಕಾಣುತ್ತದೆ. ಬೆಂಗಳೂರಿನ 080ಕ್ಕೂ ಇದೇ ಗತಿ. ಚಿಕಿತ್ಸೆಗೂ ವ್ಯಾಪಾರಕ್ಕೂ ಮಂಗಳೂರನ್ನೇ ನೆಚ್ಚಿಕೊಂಡಿರುವ ಗಡಿನಾಡಿನಲ್ಲಿ ಇಂಥ ಸಂಖ್ಯೆಗಳು ಅಪರೂಪವೇನಲ್ಲ. ಅವನ್ನು ಯಾವ ಸೂತ್ರವೂ ಬೇರ್ಪಡಿಸಲಾರದು; 824 ಮತ್ತು 80ರಿಂದ ಆರಂಭವಾಗುವ ಸಂಖ್ಯೆಗಳನ್ನು ಸೋಸಿ ತೆಗೆದು ಪ್ರವೇಶದ ಅರ್ಜಿಯೊಡನೆ ಒಂದೊಂದಾಗಿ ತಾಳೆ ನೋಡಲೇಬೇಕು.

ಇನ್ನೊಂದು ನಷ್ಟವಂತೂ ಸೂತ್ರಗಳ ಕೈಗೆ ಸಿಗುವಂಥದೇ ಅಲ್ಲ. ಎಕ್ಸೆಲ್ ಎಣಿಕೆಯ ಸಂಖ್ಯೆಯಲ್ಲಿ ಹದಿನೈದು ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತದೆ. ಹದಿನಾರು ಅಂಕಿಗಳ ಬ್ಯಾಂಕ್ ಖಾತೆ ಸಂಖ್ಯೆಯನ್ನು ಅದು ಎಣಿಕೆಯೆಂದು ತೆಗೆದುಕೊಂಡರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮತ್ತು ಆ ಸೊನ್ನೆ ಮೊದಲೇ ಇದ್ದುದೋ ಎಕ್ಸೆಲ್ ಹಾಕಿದ್ದೋ ಎಂದು ಹೇಳುವ ಉಪಾಯವಿಲ್ಲ. ಹಾಗಾಗಿ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಖಾತೆಯ ಕಂಬಸಾಲಿನ ಕೊನೆಯಲ್ಲಿ ಸಾಲುಸಾಲಾಗಿ ಸೊನ್ನೆಗಳು ಕಂಡರೆ ಆ ಪಟ್ಟಿಯನ್ನು ಮುಂದೆ ಕಳುಹಿಸದೆ ಪಾಸ್‌ಬುಕ್‌ಗಳನ್ನೇ ತರಿಸಿ ನೋಡಬೇಕು.