ನಾಲ್ಕು ಸೆಕೆಂಡಿನ ನೆನಪು

ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಸಾಮಾನ್ಯವಾಗಿ ನೂರಕ್ಕೆ ಒಂದೂವರೆ ಪಾಲು ಅಗರ್ ಹಾಕುತ್ತಾರೆ. ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಬ್ಯಾಕ್ಟೀರಿಯಾ ಅದರ ಮೇಲೆಯೇ ಕೂತು ಬೆಳೆಯುತ್ತದೆ. ಅಗರ್ ಅನ್ನು ಶೇಕಡ 0.3ಕ್ಕೆ ಇಳಿಸಿದರೆ ತಟ್ಟೆಯಲ್ಲಿರುವುದು ಸರಿಯಾಗಿ ಹೆಪ್ಪಾಗದ ಮೊಸರಿನಂಥ ಪದಾರ್ಥ. ಓರೆ ಮಾಡಿದರೆ ಜಾರುತ್ತದೆ. ಅದರ ಎಳೆಗಳ ನಡುವಿನ ಸಂದುಗಳಲ್ಲಿ ಬ್ಯಾಕ್ಟೀರಿಯಾ ಈಜಬಲ್ಲದು. ಹಾಲಿನ ಪ್ರೋಟೀನನ್ನು ಒಡೆದು ಮಾಡಿದ ಟ್ರಿಪ್ಟೋನ್ ಎಂಬ ಆಹಾರವನ್ನು ಅದಕ್ಕೆ ಬೆರೆಸಿ, ನಟ್ಟನಡುವೆ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಹನಿ ಇಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಬಿಟ್ಟು ನೋಡಿದರೆ, ಕೊಳಕ್ಕೆ ಕಲ್ಲು ಬಿದ್ದಾಗ ಏಳುವ ಅಲೆಗಳಂತೆ ಒಂದರೊಳಗೊಂದು ಮಸುಕು ಉಂಗುರಗಳು ಕಾಣುತ್ತವೆ. ಬರಿಗಣ್ಣಿಗೇ ಕಾಣುತ್ತವೆ. ಹೊರಗಿನ ಉಂಗುರದ ಬ್ಯಾಕ್ಟೀರಿಯಾಗಳು ಸೆರೀನ್ ಎಂಬ ಅಮೈನೋ ಆಮ್ಲವನ್ನು ತಿಂದು ಮುಗಿಸುತ್ತಾ, ಇನ್ನೂ ಸೆರೀನ್ ಉಳಿದಿರುವ ಹೊರದಿಕ್ಕಿಗೆ ಸಾಗಿವೆ. ಅದರ ಹಿಂದಿನ ಉಂಗುರ ಆಸ್ಪಾರ್ಟೇಟ್‌ನ ಬೆನ್ನು ಹತ್ತಿದೆ.

ರಾಸಾಯನಿಕದ ಜಾಡು ಹಿಡಿದು ಚಲಿಸುವ ಈ ವರ್ತನೆಗೆ ಕೀಮೋಟ್ಯಾಕ್ಸಿಸ್ ಎಂದು ಹೆಸರು. ಇದು ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿಯಸ್ ಆಡ್ಲರ್ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿದರು: ಬ್ಯಾಕ್ಟೀರಿಯಾ ಅರಗಿಸಿಕೊಳ್ಳಲಾರದ, ಆದರೆ ಸಕ್ಕರೆಯನ್ನೇ ಹೋಲುವ ಅಣುಗಳ ಕಡೆಗೂ ಅದು ಈಜುತ್ತದೆ. ಅಂದರೆ ತಿಂದಾಗ ಸಿಗುವ ಶಕ್ತಿ ಅದನ್ನು ಎಳೆಯುತ್ತಿಲ್ಲ. ಅಣುವನ್ನು ಗುರುತಿಸುವ ಗ್ರಾಹಕಗಳು ಬೇರೆಯೇ ಇವೆ.

ಗುರುತಿಸುವುದೇನೋ ಸರಿ, ಆದರೆ ದಿಕ್ಕು ಗೊತ್ತಾಗುವುದು ಹೇಗೆ? ಇ. ಕೋಲೈ ಉದ್ದ ಸುಮಾರು ಎರಡು ಮೈಕ್ರಾನ್, ಮಿಲಿಮೀಟರಿನ ಐನೂರನೇ ಒಂದು ಭಾಗ. ಇಷ್ಟು ಚಿಕ್ಕ ಒಡಲಿನ ತಲೆಗೂ ಬಾಲಕ್ಕೂ ನಡುವೆ ಆಹಾರದ ಸಾಂದ್ರತೆಯಲ್ಲಿ ಇರುವ ವ್ಯತ್ಯಾಸ ತೀರಾ ಅತ್ಯಲ್ಪ. ಅಣುಗಳು ಬಂದು ತಾಗುವುದರಲ್ಲೇ ಇರುವ ಏರುಪೇರಿನಲ್ಲಿ ಆ ವ್ಯತ್ಯಾಸ ಮುಳುಗಿಹೋಗುತ್ತದೆ.

1972ರಲ್ಲಿ ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಈಜುವ ಒಂದೊಂದೇ ಬ್ಯಾಕ್ಟೀರಿಯಾವನ್ನು ಬೆನ್ನಟ್ಟುವ ಸೂಕ್ಷ್ಮದರ್ಶಕದಿಂದ ಅದರ ಹಾದಿಯನ್ನು ಗುರುತಿಸಿದರು. ಆ ಹಾದಿಯಲ್ಲಿ ಎರಡೇ ನಡೆಗಳಿದ್ದವು. ಸರಾಸರಿ ಒಂದು ಸೆಕೆಂಡಿನಷ್ಟು ನೇರ ಓಟ, ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಇದ್ದಲ್ಲೇ ಪಲ್ಟಿ. ಪಲ್ಟಿಯಾದ ಮೇಲೆ ಮುಖ ಎತ್ತ ತಿರುಗಿರುತ್ತದೋ ಅತ್ತ ಮತ್ತೊಂದು ಓಟ. ಹೊಸ ದಿಕ್ಕನ್ನು ಬ್ಯಾಕ್ಟೀರಿಯಾ ಆರಿಸಿಕೊಳ್ಳುವುದಿಲ್ಲ, ಅದು ಬಹುಮಟ್ಟಿಗೆ ಆಕಸ್ಮಿಕ. ಅದರ ಕೈಯಲ್ಲಿರುವುದು ಮುಂದಿನ ಪಲ್ಟಿಯನ್ನು ಯಾವಾಗ ಹೊಡೆಯಬೇಕು ಎಂಬುದಷ್ಟೇ. ಆಹಾರ ಹೆಚ್ಚುತ್ತಿದ್ದರೆ ಪಲ್ಟಿ ತಡವಾಗುತ್ತದೆ, ಓಟ ಉದ್ದವಾಗುತ್ತದೆ. ಇಷ್ಟರಿಂದಲೇ ಒಟ್ಟು ಪಯಣ ಆಹಾರದ ಕಡೆಗೆ ವಾಲುತ್ತದೆ.

ಹೆಚ್ಚುತ್ತಿದೆ ಎಂದು ಹೇಳಬೇಕಾದರೆ ಮೊದಲು ಎಷ್ಟಿತ್ತು ಎಂಬುದು ನೆನಪಿರಬೇಕು. ಅದೇ ವರ್ಷ ಬರ್ಕ್ಲಿಯಲ್ಲಿ ರಾಬರ್ಟ್ ಮ್ಯಾಕ್ನ್ಯಾಬ್ ಮತ್ತು ಡೇನಿಯಲ್ ಕೋಶ್‌ಲ್ಯಾಂಡ್ ಇದನ್ನು ಬಹಳ ಸರಳವಾದ ಉಪಾಯದಿಂದ ಪರೀಕ್ಷಿಸಿದರು. ಸಾಲ್ಮೊನೆಲಾ ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ಸೆರೀನ್ ಅನ್ನು ಫಕ್ಕನೆ ಬೆರೆಸಿಬಿಟ್ಟರು. ಬೆರೆತ ಮೇಲೆ ಎಡಕ್ಕೂ ಬಲಕ್ಕೂ ಸೆರೀನ್ ಒಂದೇ ಸಮ, ಯಾವ ದಿಕ್ಕೂ ಹೆಚ್ಚು ರುಚಿಯಲ್ಲ. ಆದರೂ ಬ್ಯಾಕ್ಟೀರಿಯಾಗಳೆಲ್ಲ ಪಲ್ಟಿ ಬಿಟ್ಟು ನೇರವಾಗಿ ಓಡತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಮಾಮೂಲಿ ನಡೆಗೆ ಮರಳಿದವು. ಸೆರೀನ್ ಅನ್ನು ಫಕ್ಕನೆ ತಗ್ಗಿಸಿದಾಗ ಪಲ್ಟಿಯ ಮೇಲೆ ಪಲ್ಟಿ. ಅಂದರೆ ಬ್ಯಾಕ್ಟೀರಿಯಾ ಇಲ್ಲಿಗೂ ಅಲ್ಲಿಗೂ ಹೋಲಿಸುತ್ತಿಲ್ಲ. ಈಗಿಗೂ ಆಗಿಗೂ ಹೋಲಿಸುತ್ತಿದೆ. 1986ರ ಅಳತೆಗಳು ಈ ನೆನಪಿನ ಉದ್ದವನ್ನೂ ಹೇಳಿದವು: ಕಳೆದ ಒಂದು ಸೆಕೆಂಡಿನ ಅನುಭವವನ್ನು ಅದರ ಹಿಂದಿನ ಮೂರು ಸೆಕೆಂಡಿನ ಅನುಭವದ ಜೊತೆ ಅದು ತೂಗುತ್ತದೆ. ಇದಕ್ಕಿಂತ ಬಹಳ ಉದ್ದದ ನೆನಪಿನಿಂದ ಲಾಭವೂ ಇಲ್ಲ. ನೀರಿನ ಅಣುಗಳು ನಿರಂತರ ತಳ್ಳಾಡುವುದರಿಂದ ಹತ್ತು ಸೆಕೆಂಡಿನೊಳಗೆ ಬ್ಯಾಕ್ಟೀರಿಯಾ ಹಿಡಿದ ದಿಕ್ಕೇ ಕೆಟ್ಟುಹೋಗಿರುತ್ತದೆ.

ನರಗಳಿಲ್ಲದ, ಮೆದುಳಿಲ್ಲದ ಒಂದೇ ಒಂದು ಕೋಶ ಈ ನೆನಪನ್ನು ಎಲ್ಲಿ ಬರೆದಿಡುತ್ತದೆ?

ಉತ್ತರಕ್ಕೆ ಮೊದಲು ಅದರ ಮೋಟಾರನ್ನು ನೋಡಬೇಕು. ಇ. ಕೋಲೈ ಮೈಯಿಂದ ನಾಲ್ಕಾರು ಕಶಾಂಗಗಳು, ಸುರುಳಿಯಾಕಾರದ ಉದ್ದ ಎಳೆಗಳು, ಹೊರಟಿರುತ್ತವೆ. ಪ್ರತಿಯೊಂದರ ಬುಡದಲ್ಲೂ ನಿಜವಾಗಿ ಗಿರಗಿರ ತಿರುಗುವ ಮೋಟಾರಿದೆ. 1974ರಲ್ಲಿ ಸಿಲ್ವರ್‌ಮನ್ ಮತ್ತು ಸೈಮನ್ ಒಂದು ಕಶಾಂಗವನ್ನು ಗಾಜಿಗೆ ಅಂಟಿಸಿದಾಗ, ಎಳೆ ತಿರುಗಲಾಗದೆ ಬ್ಯಾಕ್ಟೀರಿಯಾದ ಒಡಲೇ ಬುಗುರಿಯಂತೆ ಸುತ್ತತೊಡಗಿತು. ಒಮ್ಮೆ ಒಂದು ಕಡೆಗೆ, ಮತ್ತೊಮ್ಮೆ ಇನ್ನೊಂದು ಕಡೆಗೆ. ಹೊರಗಿನಿಂದ ನೋಡಿದಾಗ ಮೋಟಾರುಗಳು ಅಪ್ರದಕ್ಷಿಣೆಯಾಗಿ ತಿರುಗಿದರೆ ಎಳೆಗಳೆಲ್ಲ ಜಡೆಯಂತೆ ಒಂದಾಗಿ ಬ್ಯಾಕ್ಟೀರಿಯಾವನ್ನು ಮುಂದಕ್ಕೆ ತಳ್ಳುತ್ತವೆ: ಅದೇ ಓಟ. ಪ್ರದಕ್ಷಿಣೆಗೆ ಬದಲಾದರೆ ಜಡೆ ಬಿಚ್ಚಿಕೊಳ್ಳುತ್ತದೆ: ಅದೇ ಪಲ್ಟಿ.

ಮೋಟಾರಿನ ದಿಕ್ಕು ಬದಲಿಸುವುದು ಒಂದು ಫಾಸ್ಫೇಟ್ ತುಣುಕು. ಕೋಶದ ತುದಿಯಲ್ಲಿ ಸಾವಿರಾರು ಗ್ರಾಹಕಗಳು ಜೇನುಗೂಡಿನ ಹೆಣಿಗೆಯಲ್ಲಿ ಒತ್ತಾಗಿ ನಿಂತಿರುತ್ತವೆ. ಅವುಗಳ ಬುಡಕ್ಕೆ ಅಂಟಿಕೊಂಡಿರುವ ಪ್ರೋಟೀನಿನ ಹೆಸರು ಕೀ-ಎ; ಕೀಮೋಟ್ಯಾಕ್ಸಿಸ್‌ನ ಮೊದಲ ಅಕ್ಷರದಿಂದ ಬಂದ ಹೆಸರು. ಇದೊಂದು ಹಿಸ್ಟಿಡಿನ್ ಕೈನೇಸ್. ಅಂದರೆ ಕೋಶದ ಇಂಧನವಾದ ಎಟಿಪಿಯಿಂದ ಫಾಸ್ಫೇಟ್ ಕಿತ್ತು ತನ್ನದೇ ಮೈಯಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಮೇಲೆ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಅದನ್ನು ಕೀ-ವೈ ಎಂಬ ಪುಟ್ಟ ಪ್ರೋಟೀನು ತನ್ನ ಆಸ್ಪಾರ್ಟೇಟ್ ಮೇಲೆ ಹೊತ್ತುಕೊಂಡು ಹೊರಡುತ್ತದೆ. ಫಾಸ್ಫೇಟ್ ಹೊತ್ತ ಕೀ-ವೈ ಮೋಟಾರಿನ ಬುಡಕ್ಕೆ ಹೋಗಿ ಕೂತರೆ ಮೋಟಾರು ಪ್ರದಕ್ಷಿಣೆಗೆ ತಿರುಗುತ್ತದೆ. ಕೀ-ಝಡ್ ಎಂಬ ಮೂರನೆಯದು ಆ ಫಾಸ್ಫೇಟನ್ನು ಬೇಗ ಬೇಗ ಕಳಚಿಹಾಕುತ್ತಿರುತ್ತದೆ. ಇಲ್ಲದಿದ್ದರೆ ಹಳೆಯ ಸುದ್ದಿ ಹತ್ತಾರು ಸೆಕೆಂಡು ಅಲ್ಲೇ ಉಳಿದುಬಿಡುತ್ತಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆಹಾರದ ಅಣು ಗ್ರಾಹಕವನ್ನು ಹಿಡಿದಾಗ ಕೀ-ಎ ಚುರುಕಾಗುವುದಿಲ್ಲ, ಸುಮ್ಮನಾಗುತ್ತದೆ. ಪಲ್ಟಿ ಹೊಡೆ ಎನ್ನುವ ಸುದ್ದಿ ನಿಲ್ಲುತ್ತದೆ, ಓಟ ಮುಂದುವರಿಯುತ್ತದೆ. ಆಹಾರದ ಸುದ್ದಿ ಮೌನವಾಗಿ ತಲುಪುತ್ತದೆ.

ಆದರೆ ಆಹಾರ ಸಮೃದ್ಧವಾಗಿದ್ದಲ್ಲಿ ಕೀ-ಎ ಸದಾ ಸುಮ್ಮನೇ ಇದ್ದುಬಿಟ್ಟರೆ ಬ್ಯಾಕ್ಟೀರಿಯಾ ನೇರ ಓಡಿ ಆ ಜಾಗವನ್ನು ದಾಟಿಹೋಗುತ್ತದೆ. ನೆನಪು ಕೆಲಸಕ್ಕೆ ಬರುವುದು ಇಲ್ಲಿ. ಕೀ-ಆರ್ ಎಂಬ ಪ್ರೋಟೀನು ಗ್ರಾಹಕಗಳ ಬುಡದಲ್ಲಿ ಮೀಥೈಲ್ ಎಂಬ ಸಣ್ಣ ಗುಂಪುಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋಗುತ್ತದೆ. ಕೀ-ಬಿ ಅವನ್ನು ಕೀಳುತ್ತದೆ. ಕೀ-ಬಿ ಚುರುಕಾಗಿರಲು ಅದಕ್ಕೂ ಕೀ-ಎ ಕೊಡುವ ಫಾಸ್ಫೇಟ್ ಬೇಕು. ಆಹಾರ ಸಿಕ್ಕಿ ಕೀ-ಎ ಸುಮ್ಮನಾದಾಗ ಕೀ-ಬಿಯೂ ಮಂಕಾಗುತ್ತದೆ, ಅಂಟಿಸುವ ಕೆಲಸ ಮಾತ್ರ ನಡೆದೇ ಇರುತ್ತದೆ. ಮೀಥೈಲ್ ಹೆಚ್ಚಿದಷ್ಟೂ ಗ್ರಾಹಕ ಮತ್ತೆ ಕೀ-ಎಯನ್ನು ಎಬ್ಬಿಸುತ್ತದೆ. ಕೊನೆಗೆ ಆಹಾರ ಎಷ್ಟೇ ಇರಲಿ, ಪಲ್ಟಿಯ ಲೆಕ್ಕ ಮೊದಲಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಗ್ರಾಹಕದ ಮೇಲೆ ಕೂತ ಆಹಾರ ಈ ಕ್ಷಣದ ವರದಿ. ಬುಡದಲ್ಲಿರುವ ಮೀಥೈಲ್‌ಗಳ ಸಂಖ್ಯೆ ಕಳೆದ ಕ್ಷಣಗಳ ದಾಖಲೆ. ಮೀಥೈಲ್ ನಿಧಾನವಾಗಿ ಬದಲಾಗುವುದರಿಂದಲೇ ಎರಡಕ್ಕೂ ಹೋಲಿಕೆ ಸಾಧ್ಯವಾಗಿದೆ.

ಈ ಮರಳುವಿಕೆ ಎಷ್ಟು ಗಟ್ಟಿ ಎಂದು 1999ರಲ್ಲಿ ಯೂರಿ ಅಲೋನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಕೀ-ಆರ್ ಪ್ರಮಾಣವನ್ನು ಹತ್ತಾರು ಪಟ್ಟು ಏರಿಳಿಸಿದಾಗ ಪಲ್ಟಿಯ ಮಟ್ಟ ಬದಲಾಯಿತು, ಮರಳಲು ಬೇಕಾದ ಹೊತ್ತೂ ಬದಲಾಯಿತು. ಆದರೆ ತನ್ನ ಮಟ್ಟ ಯಾವುದೇ ಇರಲಿ, ಬ್ಯಾಕ್ಟೀರಿಯಾ ಕರಾರುವಾಕ್ಕಾಗಿ ಅದಕ್ಕೇ ಮರಳಿತು.

ಬಿಡಿಭಾಗಗಳು ಕೆಟ್ಟರೆ ಏನಾಗುತ್ತದೆ ಎಂಬುದು ಆ ಮೆದು ಅಗರ್ ತಟ್ಟೆಯಲ್ಲೇ ಗೊತ್ತಾಗುತ್ತದೆ. ಕೀ-ವೈ ಇಲ್ಲದ ತಳಿಗೆ ಪಲ್ಟಿಯೇ ಬಾರದು, ಕೀ-ಝಡ್ ಇಲ್ಲದ ತಳಿ ಪಲ್ಟಿಯಲ್ಲೇ ಮುಳುಗಿರುತ್ತದೆ. ಎರಡೂ ಉಂಗುರ ಬಿಡಿಸಲಾರವು. ಸದಾ ನೇರ ಓಡುವುದು ದೂರ ಹೋಗಬೇಕಿತ್ತಲ್ಲ ಎನಿಸುತ್ತದೆ. ಹಾಗಾಗುವುದಿಲ್ಲ. ಅಗರ್ ಎಳೆಗಳ ಕುರುಡು ಸಂದಿಗೆ ನುಗ್ಗಿದ ಮೇಲೆ ಹಿಂದೆ ಸರಿಯಲೂ ಪಲ್ಟಿ ಬೇಕು. ಅದಿಲ್ಲದ್ದು ಅಲ್ಲೇ ಸಿಕ್ಕಿಬೀಳುತ್ತದೆ. ತಟ್ಟೆಯಲ್ಲಿ ಒಂದೇ ಥರ ಸೋತಂತೆ ಕಾಣುವ ಈ ಎರಡು ತಳಿಗಳನ್ನು ಬೇರೆ ಮಾಡಿ ಗುರುತಿಸಲು ಸೂಕ್ಷ್ಮದರ್ಶಕವೇ ಬೇಕು.

ಹಿಸ್ಟಿಡಿನ್ ಮೇಲಿಂದ ಆಸ್ಪಾರ್ಟೇಟ್ ಮೇಲಕ್ಕೆ ಫಾಸ್ಫೇಟ್ ದಾಟಿಸುವ ಈ ಜೋಡಿ ವ್ಯವಸ್ಥೆ ಈಜಿಗಷ್ಟೇ ಮೀಸಲಲ್ಲ. ಇ. ಕೋಲೈ ಒಂದರಲ್ಲೇ ಸುಮಾರು ಮೂವತ್ತು ಹಿಸ್ಟಿಡಿನ್ ಕೈನೇಸ್‌ಗಳಿವೆ. ಹೆಚ್ಚಿನವುಗಳ ಜೊತೆಗಾರ ಮೋಟಾರಿಗೆ ಹೋಗದೆ ಡಿಎನ್‌ಎ ಮೇಲೆ ಕೂತು ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಆಸ್ಪತ್ರೆಗಳನ್ನು ಕಾಡುವ ಎಂಟರೊಕಾಕಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲಿ ವ್ಯಾನ್-ಎಸ್ ಎಂಬ ಕೈನೇಸ್ ಇದೆ. ವ್ಯಾಂಕೊಮೈಸಿನ್ ಔಷಧ ಬಂದ ಸುಳಿವು ಸಿಕ್ಕೊಡನೆ ಅದು ವ್ಯಾನ್-ಆರ್‌ಗೆ ಫಾಸ್ಫೇಟ್ ಕೊಡುತ್ತದೆ. ಔಷಧ ಹಿಡಿಯಬೇಕಾದ ಕೋಶಭಿತ್ತಿಯ ಕೊಂಡಿಯೇ ಬದಲಾಗುತ್ತದೆ, ಔಷಧದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಗುತ್ತದೆ. ಪ್ರಾಣಿಗಳಲ್ಲಿ ಈ ಬಗೆಯ ಜೋಡಿ ಕಂಡುಬಂದಿಲ್ಲ. ಹಾಗಾಗಿ ನಮ್ಮ ಕೋಶಗಳಿಗೆ ತೊಂದರೆಯಾಗದಂತೆ ಇದನ್ನು ತಡೆಯುವ ಔಷಧಗಳಿಗಾಗಿ ಹುಡುಕಾಟ ನಡೆದಿದೆ.

ನೆರೆಹೊರೆಯವರ ತಲೆ ಎಣಿಸಲೂ ಇದೇ ಉಪಾಯ ಬಳಕೆಯಾಗುತ್ತದೆ. ಪಂಚಾಯಿತಿ ಸಭೆಯಲ್ಲಿ ಕೋರಂ ಆಗದೆ ಯಾವ ನಿರ್ಣಯವೂ ಇಲ್ಲ. ಸಮುದ್ರದಲ್ಲಿರುವ ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯಾ ಹಾಗೆಯೇ ತನ್ನ ಸಂಖ್ಯೆ ಸಾಲದೆ ಬೆಳಕು ಸೂಸುವುದಿಲ್ಲ. ಈ ವರ್ತನೆಯ ಹೆಸರೂ ಕೋರಂ ಸೆನ್ಸಿಂಗ್. ಪ್ರತಿ ಬ್ಯಾಕ್ಟೀರಿಯಾವೂ ಸಂಕೇತದ ಅಣುಗಳನ್ನು ಹೊರಬಿಡುತ್ತಿರುತ್ತದೆ. ಜನ ಕಡಿಮೆ ಇದ್ದಾಗ ಅವು ನೀರಿನಲ್ಲಿ ಚದುರಿಹೋಗುತ್ತವೆ. ಆಗ ಅದರ ಹಿಸ್ಟಿಡಿನ್ ಕೈನೇಸ್‌ಗಳು ಚುರುಕಾಗಿದ್ದು, ಫಾಸ್ಫೇಟ್ ಕೈಯಿಂದ ಕೈಗೆ ದಾಟಿ ಬೆಳಕಿನ ವಂಶವಾಹಿಗಳನ್ನು ತಡೆದಿರುತ್ತದೆ. ಜನ ಹೆಚ್ಚಿ ಸಂಕೇತ ದಟ್ಟವಾದಾಗ ಕೈನೇಸ್‌ಗಳ ಕೆಲಸ ತಿರುಗುಮುರುಗಾಗಿ, ಕೊಡುತ್ತಿದ್ದ ಕೈಗಳೇ ಫಾಸ್ಫೇಟನ್ನು ಹಿಂದೆಳೆಯುತ್ತವೆ. ತಡೆ ಹೋಗುತ್ತದೆ, ಬೆಳಕು ಬರುತ್ತದೆ. ಇಲ್ಲಿಯೂ ಅಣು ಬಂದಾಗ ಕೈನೇಸ್ ಅಡಗುತ್ತದೆ.

ವಿಬ್ರಿಯೊ ಬಳಸುವ ಆ ಸಂಕೇತಗಳಲ್ಲಿ ಒಂದರ ಹೆಸರು ಎಐ-2. ಅದನ್ನು ಇನ್ನೂ ಎಷ್ಟೋ ಬಗೆಯ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ, ಇ. ಕೋಲೈ ಕೂಡ. ಎಐ-2 ದಟ್ಟವಾಗಿರುವ ಕಡೆಗೆ ಇ. ಕೋಲೈ ಈಜಿಕೊಂಡು ಹೋಗುತ್ತದೆ, ಹೋಗಿ ಗುಂಪುಗೂಡುತ್ತದೆ. ಹಾಗೆ ಹೋಗಲು ಅದಕ್ಕೆ ಬೇಕಾದ ಗ್ರಾಹಕ ಬೇರೆ ಯಾವುದೂ ಅಲ್ಲ, ಸೆರೀನ್ ಬೆನ್ನು ಹತ್ತಿ ತಟ್ಟೆಯಲ್ಲಿ ಹೊರಗಿನ ಉಂಗುರವನ್ನು ಬಿಡಿಸಿದ ಅದೇ ಗ್ರಾಹಕ.