ಫಲಿತಾಂಶದ ದಿನದಿಂದ ಎಳೆದ ಸರಾಸರಿ ರೇಖೆ

ಪ್ರಶ್ನೆ: ತ್ರೈಮಾಸಿಕ ಫಲಿತಾಂಶದ ದಿನದಿಂದ ಲೆಕ್ಕ ಹಾಕಿದ ವಿಡಬ್ಲ್ಯುಎಪಿ ಷೇರಿನ ಬೆಲೆಗೆ ಆಸರೆಯಾಗುತ್ತದೆಯೇ?

ಉತ್ತರ: ವಿಡಬ್ಲ್ಯುಎಪಿ ಎಂದರೆ ವಹಿವಾಟಿನ ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟು ತೆಗೆದ ಸರಾಸರಿ ಬೆಲೆ; ಫಲಿತಾಂಶದ ದಿನ 100 ರೂಪಾಯಿಯಂತೆ 1,000 ಷೇರು, ಮರುದಿನ 104ರಂತೆ 3,000 ಷೇರು ಕೈಬದಲಾದರೆ ಅದು 103 ರೂಪಾಯಿ. ಅಂದಿನಿಂದ ನಡೆದ ಖರೀದಿಗಳ ಸರಾಸರಿ ಇದಾದ್ದರಿಂದ, ಬೆಲೆ ಇಲ್ಲಿಗೆ ಇಳಿದಾಗ ಬೇಡಿಕೆ ಮರಳಬಹುದೆಂಬುದು ಊಹೆ. ಅದರ ಪರೀಕ್ಷೆಗೆ, ದಿನದ ಕನಿಷ್ಠ ಬೆಲೆ ರೇಖೆಯನ್ನು ಮುಟ್ಟಿಯೂ ಮುಕ್ತಾಯದ ಬೆಲೆ ಮೇಲೆಯೇ ನಿಂತರೆ ಮರುದಿನದ ಆರಂಭದಲ್ಲಿ ಕೊಳ್ಳಬೇಕು. ಮುಕ್ತಾಯದ ಬೆಲೆ ರೇಖೆಗಿಂತ ಕೆಳಗಿಳಿದರೆ ಅಥವಾ 20 ವಹಿವಾಟು ದಿನ ಕಳೆದರೆ ಅದರ ಮರುದಿನ ಮಾರಬೇಕು. ಗೆದ್ದ ಷೇರುಗಳನ್ನಷ್ಟೇ ಆರಿಸದೆ ಎಲ್ಲ ಫಲಿತಾಂಶಗಳಿಗೂ ಈ ನಿಯಮ ಅನ್ವಯಿಸಿ, ದಲ್ಲಾಳಿ ಶುಲ್ಕ ಮತ್ತು ತೆರಿಗೆ ಕಳೆದ ಮೇಲೂ, ಮನಬಂದ ದಿನದಿಂದ ಎಳೆದ ರೇಖೆಗಿಂತ ಹೆಚ್ಚು ಲಾಭ ಉಳಿದರೆ ಮಾತ್ರ ಆಸರೆ ನಿಜವೆನ್ನಬಹುದು.