ಒಂದು ಪ್ರಕಟಣೆ, ಮೂರು ರೂಪ

ನಮ್ಮ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ರಂಜಾನ್‌ಗೆ ಮುನ್ನ ಖರ್ಜೂರದ ಲಡ್ಡು ಮಾರುತ್ತಾರೆ ಎಂದುಕೊಳ್ಳೋಣ. 12 ಲಡ್ಡುಗಳ ಒಂದು ಪೆಟ್ಟಿಗೆಗೆ 240 ರೂಪಾಯಿ, ಇರುವುದು 60 ಪೆಟ್ಟಿಗೆ. ಬುಕಿಂಗ್ ಗೂಗಲ್ ಫಾರ್ಮ್ ಮೂಲಕ ಫೆಬ್ರವರಿ 12, ಗುರುವಾರ ಸಂಜೆ 5ರವರೆಗೆ. ಪೆಟ್ಟಿಗೆ ಸಿಗುವುದು 14ರ ಶನಿವಾರ ಕಾಲೇಜು ಗೇಟಿನಲ್ಲಿ. ಈ ವಿವರವನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಇನ್‌ಸ್ಟಾಗ್ರಾಮ್, ಎಕ್ಸ್, ವಾಟ್ಸಾಪ್ ಚಾನೆಲ್ ಮೂರರಲ್ಲೂ ಬೆಲೆ ಮತ್ತು ದಿನಾಂಕ ಈ ಹಾಳೆಯಿಂದಲೇ ಹೋಗಬೇಕು. ಬದಲಾಗುವುದು ಹೇಳುವ ಕ್ರಮ ಮಾತ್ರ.

ಇನ್‌ಸ್ಟಾಗ್ರಾಮ್‌ನಲ್ಲಿ ಜನ ಮೊದಲು ನೋಡುವುದು ಚಿತ್ರವನ್ನು. ಆದ್ದರಿಂದ ತೆರೆದ ಪೆಟ್ಟಿಗೆಯ ಫೋಟೋ ಮೇಲೆ ಹೆಸರು ಮತ್ತು ಬೆಲೆ ದೊಡ್ಡ ಅಕ್ಷರದಲ್ಲಿರಲಿ. ಎರಡನೆಯ ಚಿತ್ರದಲ್ಲಿ ಲಡ್ಡುವಿಗೆ ಏನೇನು ಹಾಕಿದೆ ಎಂದು ತೋರಿಸಬಹುದು. ಕೆಳಗಿನ ಬರಹಕ್ಕೆ 2,200 ಅಕ್ಷರಗಳ ಅವಕಾಶವಿದ್ದರೂ ಫೀಡ್‌ನಲ್ಲಿ ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಓದಲು ಒತ್ತಬೇಕು, ಬಹುತೇಕರು ಒತ್ತುವುದಿಲ್ಲ. ಇನ್ನೊಂದು ತೊಡಕೆಂದರೆ, ಆ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಹಾಗಾಗಿ ಲಿಂಕ್ ಅನ್ನು ಪ್ರೊಫೈಲ್‌ನಲ್ಲಿ ಇಟ್ಟು ಹೀಗೆ ಬರೆಯಬೇಕು:

"ಇಫ್ತಾರ್‌ಗೆ ಸಕ್ಕರೆ ಹಾಕದ ಖರ್ಜೂರದ ಲಡ್ಡು. ಬುಕಿಂಗ್ ಫೆ. 12ರವರೆಗೆ, ಲಿಂಕ್ ಪ್ರೊಫೈಲ್‌ನಲ್ಲಿದೆ."

ಎಕ್ಸ್‌ನಲ್ಲಿ ಹಣ ಕಟ್ಟದ ಖಾತೆಗೆ 280ರ ಮಿತಿ. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. 'ಖರ್ಜೂರ' ನಮ್ಮ ಕಣ್ಣಿಗೆ ಮೂರು ಅಕ್ಷರ. ಎಕ್ಸ್ ಅದನ್ನು ಆರು ಎಂದು ಎಣಿಸುತ್ತದೆ. ಖ, ರ, ಅರ್ಧಾಕ್ಷರ ಮಾಡುವ ಚಿಹ್ನೆ, ಜ, ದೀರ್ಘ ಕೊಂಬು, ಮತ್ತೆ ರ, ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಲೆಕ್ಕ. ಒಂದು ಇಮೋಜಿಗೆ ಎರಡು. ಲಿಂಕ್ ಎಷ್ಟೇ ಉದ್ದವಿರಲಿ, ಅದಕ್ಕೆ 23 ಮಾತ್ರ. ಲಿಂಕ್ ಚಿಕ್ಕದು ಮಾಡಲು ಒದ್ದಾಡಬೇಕಿಲ್ಲ.

"ಖರ್ಜೂರದ ಲಡ್ಡು: 12ರ ಪೆಟ್ಟಿಗೆ 240 ರೂ. ಸಕ್ಕರೆ ಇಲ್ಲ. ಇರುವುದು 60 ಪೆಟ್ಟಿಗೆ ಮಾತ್ರ. ಬುಕಿಂಗ್ ಫೆ. 12, ಗುರುವಾರ ಸಂಜೆ 5ರವರೆಗೆ. ಪೆಟ್ಟಿಗೆ ಫೆ. 14, ಶನಿವಾರ ಕಾಲೇಜು ಗೇಟಿನಲ್ಲಿ."

ಇದು ಸುಮಾರು 155, ಲಿಂಕ್ ಸೇರಿದರೆ 180ರ ಆಸುಪಾಸು. ಜಾಗ ಉಳಿಯಿತೆಂದು ತುಂಬಿಸಲು ಹೋಗಬಾರದು.

ವಾಟ್ಸಾಪ್ ಚಾನೆಲ್‌ನ ಸ್ವಭಾವವೇ ಬೇರೆ. ಗ್ರೂಪ್‌ನಂತೆ ಅಲ್ಲಿ ಓದುಗರು ಸಂದೇಶ ಬರೆದು "ಎಲ್ಲಿ ಸಿಗುತ್ತದೆ?" ಎಂದು ಕೇಳುವಂತಿಲ್ಲ. ಕೇಳಬಹುದಾದ ಪ್ರಶ್ನೆಗಳಿಗೆ ಸಂದೇಶದಲ್ಲೇ ಉತ್ತರ ಇರಬೇಕು. ಲಿಂಕ್ ನೇರವಾಗಿ ತೆರೆಯುತ್ತದೆ. ಶೀರ್ಷಿಕೆಯ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ದಪ್ಪ ಅಕ್ಷರವಾಗುತ್ತದೆ:

"*ಖರ್ಜೂರದ ಲಡ್ಡು: ರಂಜಾನ್ ಬುಕಿಂಗ್*
12ರ ಪೆಟ್ಟಿಗೆ: 240 ರೂ. (ಸಕ್ಕರೆ ಹಾಕಿಲ್ಲ)
ಬುಕಿಂಗ್ ಕೊನೆ: ಫೆ. 12, ಗುರುವಾರ ಸಂಜೆ 5
ಪಡೆಯುವುದು: ಫೆ. 14, ಶನಿವಾರ, ಕಾಲೇಜು ಗೇಟ್
ಬುಕ್ ಮಾಡಲು:"

ಇದರ ಕೆಳಗೆ ಫಾರ್ಮ್‌ನ ಲಿಂಕ್, ಕಾಲೇಜಿನ ಪೂರ್ಣ ಹೆಸರು ಮತ್ತು ಊರು. ಹೆಸರು ಏಕೆಂದರೆ, ಈ ಸಂದೇಶ ಚಾನೆಲ್‌ನಲ್ಲಿ ಉಳಿಯುವುದಿಲ್ಲ. ಮನೆಯವರ ಗ್ರೂಪ್, ಮೊಹಲ್ಲಾದ ಗ್ರೂಪ್, ಅಲ್ಲಿಂದ ಗಲ್ಫ್‌ನಲ್ಲಿರುವ ಮಾಮನವರೆಗೂ ಹೋಗುತ್ತದೆ. ಇದೇ ಕಾರಣಕ್ಕೆ 'ನಾಳೆ ಕೊನೆಯ ದಿನ' ಎಂದು ಬರೆಯಬಾರದು. ಮೂರು ದಿನದ ನಂತರ ಓದಿದವರಿಗೂ ಅದು ನಾಳೆಯೇ. ಯಾವ ವಿದ್ಯಾರ್ಥಿನಿಯ ಅಥವಾ ವಿದ್ಯಾರ್ಥಿಯ ಸ್ವಂತ ಮೊಬೈಲ್ ನಂಬರನ್ನೂ ಹಾಕಬಾರದು. ಒಮ್ಮೆ ಫಾರ್ವರ್ಡ್ ಆದ ನಂಬರನ್ನು ಹಿಂದಕ್ಕೆ ತರಲಾಗುವುದಿಲ್ಲ.

ನಿಜವಾದ ತಲೆನೋವು ಶುರುವಾಗುವುದು ಬುಧವಾರವೇ 60 ಪೆಟ್ಟಿಗೆಯೂ ಬುಕ್ ಆಗಿಬಿಟ್ಟಾಗ. ಇನ್‌ಸ್ಟಾಗ್ರಾಮ್‌ನ ಬರಹವನ್ನು ತಿದ್ದಬಹುದು, ಆದರೆ ಚಿತ್ರದ ಮೇಲೆ ಬರೆದದ್ದು ಹಾಗೇ ಇರುತ್ತದೆ. ಎಕ್ಸ್‌ನಲ್ಲಿ ಹಣ ಕಟ್ಟದ ಖಾತೆಯಿಂದ ತಿದ್ದಲು ಆಗುವುದಿಲ್ಲ. ಅದೇ ಪೋಸ್ಟ್‌ಗೆ ಉತ್ತರವಾಗಿ 'ಬುಕಿಂಗ್ ಮುಗಿದಿದೆ' ಎಂದು ಹಾಕಬೇಕು. ಚಾನೆಲ್‌ನ ಸಂದೇಶವನ್ನು 30 ದಿನಗಳವರೆಗೆ ತಿದ್ದಬಹುದು, ಆದರೆ ಆಗಲೇ ಫಾರ್ವರ್ಡ್ ಆಗಿ ಹೋದ ಪ್ರತಿಗಳು ನಮ್ಮ ಕೈಯಲ್ಲಿಲ್ಲ. ಮೂರೂ ಕಡೆಯಿಂದ ಬರುವವರು ಕೊನೆಗೆ ತಲುಪುವ ಒಂದೇ ಜಾಗ ಆ ಫಾರ್ಮ್. ಆದ್ದರಿಂದ ಇನ್ನೆಷ್ಟು ಉಳಿದಿದೆ ಎಂಬ ಲೆಕ್ಕ ಅಲ್ಲಿ ಮಾತ್ರ ಇರಲಿ. 60 ಆದ ಕೂಡಲೇ ಫಾರ್ಮ್ ಉತ್ತರ ಸ್ವೀಕರಿಸುವುದನ್ನು ನಿಲ್ಲಿಸಿ, 'ಎಲ್ಲ ಪೆಟ್ಟಿಗೆಗಳೂ ಬುಕ್ ಆಗಿವೆ' ಎಂಬ ಸಂದೇಶ ಕಾಣುವಂತೆ ಮಾಡಬಹುದು. ಇಲ್ಲದಿದ್ದರೆ ಯಾರೋ ಶನಿವಾರ ಆಟೋ ಹಿಡಿದು ಗೇಟಿಗೆ ಬಂದು ಬರಿಗೈಯಲ್ಲಿ ಹಿಂತಿರುಗುತ್ತಾರೆ.

ಪ್ರಕಟಿಸಿದ ತಕ್ಷಣ ಈ ಕೆಲಸಕ್ಕೆ ಸಂಬಂಧವಿಲ್ಲದ ಒಬ್ಬರ ಫೋನ್‌ನಲ್ಲಿ ಮೂರನ್ನೂ ತೆರೆದು ನೋಡಿ. ಫಾರ್ಮ್ ಮಾಡಿದವರ ಫೋನ್‌ನಲ್ಲಿ ಅದು ತೆರೆದೇ ತೆರೆಯುತ್ತದೆ. ಕಾಲೇಜಿನ ಇಮೇಲ್ ಇದ್ದವರಿಗೆ ಮಾತ್ರ ಎಂದು ಸೆಟ್ಟಿಂಗ್ ಉಳಿದಿದ್ದರೆ ಹೊರಗಿನವರಿಗೆ ಲಾಗಿನ್ ಕೇಳುತ್ತದೆ.